ವಾಟರ್ ಫಿಲ್ಟರ್ ವರ್ಷಕ್ಕೊಮ್ಮೆ ಬದಲಿಸಿದರೆ ಸಾಕೇ? ಲೆಕ್ಕ ಇರುವುದು ಕ್ಯಾಲೆಂಡರಿನಲ್ಲಿ ಅಲ್ಲ, ಲೀಟರಿನಲ್ಲಿ

"ನಿಮ್ಮ ಮನೆಯ ಪ್ಯೂರಿಫೈಯರ್‌ ನೀರಿನ ಟಿಡಿಎಸ್ 50ಕ್ಕಿಂತ ಕಡಿಮೆ ಇದ್ದರೆ ಫಿಲ್ಟರ್ ಚೆನ್ನಾಗಿದೆ ಎಂದರ್ಥ. ಇಲ್ಲದಿದ್ದರೂ ವರ್ಷಕ್ಕೊಮ್ಮೆ ಎಲ್ಲವನ್ನೂ ಬದಲಿಸಿ. ಎಲ್ಲರಿಗೂ ಶೇರ್ ಮಾಡಿ." ಇಂಥದ್ದೊಂದು ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಓದಲು ಸರಿಯಾಗಿಯೇ ಕಾಣುತ್ತದೆ. ಆದರೆ ಇದರಲ್ಲಿರುವ ಎರಡು ಮಾತುಗಳೂ ಅರ್ಧ ಮಾತ್ರ ಸತ್ಯ. ಇದನ್ನು ನಂಬಿ ನಡೆದರೆ ಕೆಲವು ಮನೆಗಳಲ್ಲಿ ಚೆನ್ನಾಗಿರುವ ಫಿಲ್ಟರ್ ಕಸಕ್ಕೆ ಹೋಗುತ್ತದೆ, ಇನ್ನು ಕೆಲವು ಮನೆಗಳಲ್ಲಿ ಕೆಟ್ಟಿರುವ ಫಿಲ್ಟರ್ ತಿಂಗಳುಗಟ್ಟಲೆ ಉಳಿದುಬಿಡುತ್ತದೆ.

ಫಿಲ್ಟರಿಗೆ ದಿನಾಂಕ ಗೊತ್ತಿಲ್ಲ. ಅದರ ಮೂಲಕ ಎಷ್ಟು ಲೀಟರ್ ನೀರು ಹರಿಯಿತು, ಆ ನೀರಿನಲ್ಲಿ ಏನಿತ್ತು ಎಂಬ ಎರಡು ವಿಷಯಗಳೇ ಅದರ ಆಯಸ್ಸನ್ನು ನಿರ್ಧರಿಸುತ್ತವೆ. ಹಾಗಾಗಿಯೇ ಕಾವೇರಿ ನೀರು ಬರುವ ಮನೆಯ ಫಿಲ್ಟರ್ ಕೆಡುವ ರೀತಿಯೇ ಬೇರೆ, ಬೋರ್‌ವೆಲ್ ನೀರಿನ ಮನೆಯ ಫಿಲ್ಟರ್ ಕೆಡುವ ರೀತಿಯೇ ಬೇರೆ. ಒಂದು ಮನೆಯಲ್ಲಿ ನೀರು ನಿಧಾನವಾಗುವುದು ಕೆಟ್ಟ ಲಕ್ಷಣವಾದರೆ, ಇನ್ನೊಂದು ಮನೆಯಲ್ಲಿ ನೀರು ಇದ್ದಕ್ಕಿದ್ದಂತೆ ವೇಗವಾಗಿ ಬರುವುದೇ ಕೆಟ್ಟ ಲಕ್ಷಣ! ಇದು ಹೇಗೆ ಎಂಬುದನ್ನು ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಆರ್‌ಒ ಪ್ಯೂರಿಫೈಯರ್ ಇಟ್ಟುಕೊಂಡು ನೋಡೋಣ.

ಡಬ್ಬಿಯೊಳಗೆ ಯಾರ ಕೆಲಸ ಏನು?

ಗೋಡೆಗೆ ನೇತುಹಾಕಿದ ಆ ಡಬ್ಬಿಯಲ್ಲಿ ಇರುವುದು ಒಂದು ಫಿಲ್ಟರ್ ಅಲ್ಲ, ಸಾಲಾಗಿ ನಿಂತ ಮೂರು-ನಾಲ್ಕು ಫಿಲ್ಟರ್‌ಗಳು.

ಮೊದಲನೆಯದು ಸೆಡಿಮೆಂಟ್ ಫಿಲ್ಟರ್. ಹತ್ತಿಯ ಉಂಡೆಯಂತೆ ಕಾಣುವ ಬಿಳಿ ಕ್ಯಾಂಡಲ್ ಇದು. ಮರಳು, ಮಣ್ಣು, ತುಕ್ಕಿನ ಕಣಗಳನ್ನು ಹಿಡಿದುಕೊಳ್ಳುತ್ತದೆ. ಹಲವು ಮನೆಗಳಲ್ಲಿ ಇದೇ ಬಗೆಯ ಕ್ಯಾಂಡಲ್ ಒಂದನ್ನು ಯಂತ್ರದ ಹೊರಗೂ ಪಾರದರ್ಶಕ ಡಬ್ಬಿಯಲ್ಲಿ ಕೂರಿಸಿರುತ್ತಾರೆ. ಅದನ್ನು ಪ್ರಿ-ಫಿಲ್ಟರ್ ಎನ್ನುತ್ತಾರೆ.

ಎರಡನೆಯದು ಕಾರ್ಬನ್ ಫಿಲ್ಟರ್. ವಿಶೇಷವಾಗಿ ಸಂಸ್ಕರಿಸಿದ ಇದ್ದಿಲಿನ ಕಾಳುಗಳು ಇದರಲ್ಲಿರುತ್ತವೆ. ನಲ್ಲಿ ನೀರಿನಲ್ಲಿರುವ ಕ್ಲೋರಿನ್, ಕೆಟ್ಟ ವಾಸನೆ, ಕೆಲವು ರಾಸಾಯನಿಕಗಳನ್ನು ತೆಗೆಯುವುದು ಇದರ ಕೆಲಸ. ನೀರಿನಲ್ಲಿ ಕರಗಿರುವ ಉಪ್ಪನ್ನು ಇದು ಮುಟ್ಟುವುದೇ ಇಲ್ಲ.

ಮೂರನೆಯದು ಆರ್‌ಒ ಮೆಂಬ್ರೇನ್. ಯಂತ್ರದಲ್ಲಿ ಸಾಮಾನ್ಯವಾಗಿ ಎಲ್ಲಕ್ಕಿಂತ ದುಬಾರಿಯಾದ ಫಿಲ್ಟರ್ ಇದು. ಪಂಪು ನೀರನ್ನು ಒತ್ತಡದಿಂದ ಈ ತೆಳುವಾದ ಪೊರೆಗೆ ತಳ್ಳುತ್ತದೆ. ನೀರು ದಾಟಿ ಹೋಗುತ್ತದೆ, ಕರಗಿದ ಉಪ್ಪು, ಫ್ಲೋರೈಡ್, ನೈಟ್ರೇಟ್‌ಗಳಲ್ಲಿ ಹೆಚ್ಚಿನ ಪಾಲು ಹಿಂದೆ ಉಳಿಯುತ್ತದೆ. ಹಾಗೆ ಉಳಿದ ಉಪ್ಪನ್ನು ಹೊತ್ತುಕೊಂಡು ಹೊರಬರುವುದೇ ರಿಜೆಕ್ಟ್ ನೀರು. ಇದಾದ ಮೇಲೆ ಕೆಲವು ಯಂತ್ರಗಳಲ್ಲಿ ರೋಗಾಣುಗಳನ್ನು ಕೊಲ್ಲುವ ಯುವಿ ದೀಪ ಇರುತ್ತದೆ.

ಈ ಸಾಲಿನಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮುಂದಿರುವವನು ಕೆಲಸ ನಿಲ್ಲಿಸಿದರೆ ಪೆಟ್ಟು ಬೀಳುವುದು ಹಿಂದಿರುವವನಿಗೆ. ಸೆಡಿಮೆಂಟ್ ಮತ್ತು ಕಾರ್ಬನ್ ಫಿಲ್ಟರ್‌ಗಳು ಅಗ್ಗ. ಅವುಗಳ ಮುಖ್ಯ ಕೆಲಸಗಳಲ್ಲಿ ಒಂದು, ದುಬಾರಿ ಮೆಂಬ್ರೇನನ್ನು ಕಾಯುವುದು.

6,000 ಲೀಟರ್ ಎಂದರೆ ಯಾವ ಲೀಟರ್?

ಫಿಲ್ಟರಿನ ಡಬ್ಬಿಯ ಮೇಲೆ ಅಥವಾ ಯಂತ್ರದ ಜೊತೆ ಬಂದ ಪುಸ್ತಿಕೆಯಲ್ಲಿ "6,000 ಲೀಟರ್ ಅಥವಾ 1 ವರ್ಷ, ಯಾವುದು ಮೊದಲೋ ಅದು" ಎಂಬಂಥ ಸಾಲು ಇರುತ್ತದೆ. ನಾವು ಒಂದು ವರ್ಷ ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತೇವೆ. ಲೀಟರಿನ ಲೆಕ್ಕ ಮಾಡಿ ನೋಡೋಣ.

ನಾಲ್ಕು ಜನರ ಒಂದು ಮನೆಯಲ್ಲಿ ಕುಡಿಯಲು, ಅಡುಗೆಗೆ, ಕಾಫಿ-ಟೀಗೆ ಸೇರಿ ದಿನಕ್ಕೆ 15 ಲೀಟರ್ ಶುದ್ಧ ನೀರು ಬಳಸುತ್ತಾರೆ ಎಂದುಕೊಳ್ಳಿ. 6,000ವನ್ನು 15ರಿಂದ ಭಾಗಿಸಿದರೆ 400 ದಿನ. ಹಾಗಾದರೆ ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು ಎಂಬ ಮಾತು ಈ ಮನೆಗೆ ಸರಿಯೇ. ಪಕ್ಕದ ಮನೆಯಲ್ಲಿ ಏಳು ಜನ, ತರಕಾರಿ-ಅಕ್ಕಿ ತೊಳೆಯಲೂ ಅದೇ ನೀರು, ದಿನಕ್ಕೆ 25 ಲೀಟರ್ ಖರ್ಚು. ಅವರಿಗೆ ಅದೇ ಫಿಲ್ಟರ್ 240 ದಿನಕ್ಕೆ, ಅಂದರೆ ಎಂಟು ತಿಂಗಳಿಗೆ ಮುಗಿಯುತ್ತದೆ. ಉಳಿದ ನಾಲ್ಕು ತಿಂಗಳು ಅವಧಿ ಮೀರಿದ ಫಿಲ್ಟರಿನ ನೀರನ್ನೇ ಅವರು ಕುಡಿಯುತ್ತಿರುತ್ತಾರೆ.

ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಆರ್‌ಒ ಯಂತ್ರದಲ್ಲಿ ರಿಜೆಕ್ಟ್ ನೀರು ಕೂಡ ಮೊದಲ ಎರಡು ಫಿಲ್ಟರ್‌ಗಳನ್ನು ದಾಟಿಯೇ ಬಂದಿರುತ್ತದೆ. ಒಂದು ಲೀಟರ್ ಶುದ್ಧ ನೀರಿಗೆ ಮೂರು ಲೀಟರ್ ರಿಜೆಕ್ಟ್ ಹೋಗುವ ಯಂತ್ರವಾದರೆ, ನೀವು ಕುಡಿಯುವ 15 ಲೀಟರಿಗಾಗಿ ಸೆಡಿಮೆಂಟ್ ಮತ್ತು ಕಾರ್ಬನ್ ಫಿಲ್ಟರ್‌ಗಳು 60 ಲೀಟರ್ ನೀರನ್ನು ಸೋಸಬೇಕು. ಫಿಲ್ಟರಿನ ಮೇಲೆ ಬರೆದ 6,000 ಲೀಟರ್ ಒಳಗೆ ಹೋಗುವ ನೀರಿನ ಲೆಕ್ಕವಾಗಿದ್ದರೆ ಅದು ಬರೀ 100 ದಿನಕ್ಕೆ ಮುಗಿಯುತ್ತದೆ. ಹೊರಬರುವ ಶುದ್ಧ ನೀರಿನ ಲೆಕ್ಕವಾಗಿದ್ದರೆ 400 ದಿನ. ಒಂದೇ ಅಂಕಿ, ನಾಲ್ಕು ಪಟ್ಟು ವ್ಯತ್ಯಾಸ.

ಹಾಗಾಗಿ ಪುಸ್ತಿಕೆಯ ಸಣ್ಣ ಅಕ್ಷರಗಳನ್ನು ಓದಿ, ಅಥವಾ ಸರ್ವಿಸ್‌ಗೆ ಬಂದವರನ್ನು ಕೇಳಿ: "ಈ ಲೀಟರ್ ಒಳಗೆ ಹೋಗುವ ನೀರಿನದೋ, ಹೊರಗೆ ಬರುವ ನೀರಿನದೋ?" ಅಂಗಡಿಯಲ್ಲಿ ಬಿಡಿಯಾಗಿ ಕೊಳ್ಳುವ ಕ್ಯಾಂಡಲ್ ಮತ್ತು ಕಾರ್ಬನ್‌ಗಳಲ್ಲಿ ಈ ಪ್ರಶ್ನೆ ಇನ್ನೂ ಮುಖ್ಯ. ಬಿಡಿ ಫಿಲ್ಟರಿಗೆ ತಾನು ಯಾವ ಯಂತ್ರದಲ್ಲಿ ಕೂರುತ್ತೇನೆ ಎಂದು ಗೊತ್ತಿರುವುದಿಲ್ಲ. ಆದ್ದರಿಂದ ಅದರ ಮೇಲಿನ ಲೀಟರನ್ನು ಒಳಹೋಗುವ ನೀರಿನದೆಂದೇ ಎಣಿಸುವುದು ಸುರಕ್ಷಿತ.

ನಿಮ್ಮ ಯಂತ್ರ ಎಷ್ಟು ರಿಜೆಕ್ಟ್ ಬಿಡುತ್ತದೆ ಎಂದು ತಿಳಿಯಲು ಎರಡು ಪಾತ್ರೆ ಸಾಕು. ಯಂತ್ರದ ಟ್ಯಾಂಕ್ ಖಾಲಿ ಮಾಡಿ. ರಿಜೆಕ್ಟ್ ಪೈಪನ್ನು ಬಕೆಟ್ಟಿಗೆ ಬಿಡಿ. ಟ್ಯಾಂಕ್ ತುಂಬಿ ಯಂತ್ರ ತಾನಾಗಿ ನಿಂತ ಮೇಲೆ ಎರಡೂ ನೀರನ್ನು ಲೀಟರ್ ಬಾಟಲಿಯಿಂದ ಅಳೆಯಿರಿ. ಇದನ್ನು ಮಾಡುವಾಗಲೇ ಟ್ಯಾಂಕ್ ತುಂಬಲು ಎಷ್ಟು ನಿಮಿಷ ಬೇಕಾಯಿತು ಎಂಬುದನ್ನೂ ಬರೆದಿಡಿ. ಆ ಅಂಕಿ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ನೀರು ಬೇರೆಯಾದರೆ ಫಿಲ್ಟರ್ ಸಾಯುವ ರೀತಿಯೂ ಬೇರೆ

ಈಗ ಎರಡನೇ ವಿಷಯಕ್ಕೆ, ಅಂದರೆ ನೀರಿನಲ್ಲಿ ಏನಿದೆ ಎಂಬುದಕ್ಕೆ ಬರೋಣ. ಇದಕ್ಕೆ ಬೆಂಗಳೂರಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಒಂದೇ ಬಡಾವಣೆಯಲ್ಲಿ ಒಂದು ಬೀದಿಗೆ ಕಾವೇರಿ, ಇನ್ನೊಂದಕ್ಕೆ ಬೋರ್‌ವೆಲ್, ಬೇಸಿಗೆ ಬಂದರೆ ಇಬ್ಬರಿಗೂ ಟ್ಯಾಂಕರ್. ಎರಡು ಮನೆಗಳನ್ನು ಕಲ್ಪಿಸಿಕೊಳ್ಳಿ. ಎರಡರಲ್ಲೂ ಒಂದೇ ಮಾದರಿಯ ಯಂತ್ರ, ಎರಡೂ ಕಡೆ ದಿನಕ್ಕೆ 15 ಲೀಟರ್ ಬಳಕೆ. ಹೊಸದರಲ್ಲಿ ಎರಡೂ ಮನೆಗಳಲ್ಲಿ 8 ಲೀಟರಿನ ಟ್ಯಾಂಕ್ ತುಂಬಲು 40 ನಿಮಿಷ.

ಮೊದಲನೆಯದು ಕಾವೇರಿ ನೀರಿನ ಮನೆ. ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿದ ನೀರು ಸುಮಾರು 100 ಕಿಲೋಮೀಟರ್ ಪೈಪಿನಲ್ಲಿ ಬರುತ್ತದೆ. ದಾರಿಯಲ್ಲಿ ರೋಗಾಣು ಬೆಳೆಯದಿರಲಿ ಎಂದು ಅದಕ್ಕೆ ಕ್ಲೋರಿನ್ ಹಾಕಿರುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ನಲ್ಲಿ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಈ ಮನೆಯ ನಲ್ಲಿ ನೀರಿನ ಟಿಡಿಎಸ್ 180, ಹೊಸ ಮೆಂಬ್ರೇನ್ ದಾಟಿದ ಮೇಲೆ 14. ಅಂದರೆ 92 ಶೇಕಡಾ ಉಪ್ಪು ತಡೆಯಲ್ಪಟ್ಟಿದೆ.

ಈ ಮನೆಯಲ್ಲಿ ಕೆಸರೂ ಕಡಿಮೆ, ಉಪ್ಪೂ ಕಡಿಮೆ. ಶತ್ರು ಕ್ಲೋರಿನ್ ಒಂದೇ. ಕಾರ್ಬನ್ ಇರುವವರೆಗೆ ಅದು ಮೆಂಬ್ರೇನನ್ನು ಮುಟ್ಟುವುದಿಲ್ಲ. ಕಾರ್ಬನ್ನಿನ ಶಕ್ತಿ ಮುಗಿದ ದಿನದಿಂದ ಕ್ಲೋರಿನ್ ನೇರವಾಗಿ ಮೆಂಬ್ರೇನಿಗೆ ಹೋಗುತ್ತದೆ. ಮನೆಯ ಆರ್‌ಒ ಯಂತ್ರಗಳ ಮೆಂಬ್ರೇನ್ ಪಾಲಿಅಮೈಡ್ ಎಂಬ ವಸ್ತುವಿನಿಂದ ಆದದ್ದು, ಅದಕ್ಕೆ ಕ್ಲೋರಿನ್ ಆಗಿಬರುವುದಿಲ್ಲ. ಪೊರೆ ಒಂದೇ ದಿನದಲ್ಲಿ ಹರಿಯುವುದಿಲ್ಲ, ನಿಧಾನವಾಗಿ ಸವೆದು ಸಡಿಲವಾಗುತ್ತದೆ.

ಸಡಿಲವಾದ ಪೊರೆಯಲ್ಲಿ ನೀರು ಸುಲಭವಾಗಿ ನುಗ್ಗುತ್ತದೆ. ಹದಿನಾಲ್ಕನೇ ತಿಂಗಳಲ್ಲಿ ಈ ಮನೆಯ ಟ್ಯಾಂಕ್ 40 ನಿಮಿಷದ ಬದಲು 32 ನಿಮಿಷಕ್ಕೇ ತುಂಬುತ್ತದೆ. ಮನೆಯವರಿಗೆ ಖುಷಿ: "ನಮ್ಮ ಫಿಲ್ಟರ್ ಈಗ ಇನ್ನೂ ಚುರುಕಾಗಿದೆ!" ಟಿಡಿಎಸ್ ಮೀಟರ್ ಇಟ್ಟರೆ 45. ಫಾರ್ವರ್ಡ್ ಹೇಳುವ ಪ್ರಕಾರ 50ಕ್ಕಿಂತ ಕಡಿಮೆ, ಹಾಗಾಗಿ ಎಲ್ಲ ಚೆನ್ನಾಗಿದೆ. ಆದರೆ 180ರಲ್ಲಿ 45 ದಾಟಿ ಬಂದಿದೆ ಎಂದರೆ ತಡೆಯುವ ಶಕ್ತಿ 92ರಿಂದ 75 ಶೇಕಡಾಕ್ಕೆ ಇಳಿದಿದೆ. ಮೆಂಬ್ರೇನ್ ಹಾಳಾಗಿದೆ. ಕಾವೇರಿ ನೀರಿನ ಉಪ್ಪು ಮೊದಲೇ ಕಡಿಮೆ ಇದ್ದುದರಿಂದ ಆ 45ರಿಂದ ಆರೋಗ್ಯಕ್ಕೆ ತೊಂದರೆ ಇಲ್ಲ. ಆದರೆ ರೋಗಾಣುಗಳಿಗೂ ತಡೆಯಾಗಿದ್ದ ಪೊರೆಯನ್ನು ಇನ್ನು ನಂಬುವಂತಿಲ್ಲ. ಕಾರ್ಬನ್ ಹೊತ್ತಿಗೆ ಸರಿಯಾಗಿ ಬದಲಾಗಿದ್ದರೆ ಮೆಂಬ್ರೇನಿನ ಖರ್ಚು ಇನ್ನಷ್ಟು ದಿನ ಮುಂದೆ ಹೋಗುತ್ತಿತ್ತು.

ಎರಡನೆಯದು ಬೋರ್‌ವೆಲ್ ಮನೆ. ನೀರಿನ ಟಿಡಿಎಸ್ 1,200. ಸ್ನಾನದ ಮನೆಯ ನಲ್ಲಿಗಳ ಬಾಯಿಗೆ ಬಿಳಿ ಸುಣ್ಣ ಕಟ್ಟುವಷ್ಟು ಗಡಸು. ಇಲ್ಲಿ ಕ್ಲೋರಿನ್ ಇಲ್ಲ, ಕಾರ್ಬನ್ನಿಗೆ ಅಷ್ಟು ಕೆಲಸವೂ ಇಲ್ಲ. ಹೊಸದರಲ್ಲಿ ಹೊರಬರುವ ನೀರಿನ ಟಿಡಿಎಸ್ 90, ಅಂದರೆ ತಡೆ 92.5 ಶೇಕಡಾ.

ಇಲ್ಲಿನ ಮೊದಲ ಶತ್ರು ಮಣ್ಣು. ಲೀಟರಿಗೆ 20 ಮಿಲಿಗ್ರಾಂ ಮಣ್ಣಿನ ಕಣ ಇದ್ದರೆ ನೀರು ಸ್ವಲ್ಪ ಮಸುಕಾಗಿ ಕಾಣಬಹುದು ಅಷ್ಟೇ. ಆದರೆ ದಿನಕ್ಕೆ 60 ಲೀಟರ್ ಒಳಹೋದರೆ 1.2 ಗ್ರಾಂ ಮಣ್ಣು, ಮೂರು ತಿಂಗಳಿಗೆ 108 ಗ್ರಾಂ. ಒಂದು ಹಿಡಿ ಮಣ್ಣನ್ನು ಆ ಬಿಳಿ ಕ್ಯಾಂಡಲಿಗೆ ಮೆತ್ತಿದ ಹಾಗೆ. ಲೀಟರಿಗೆ 2 ಮಿಲಿಗ್ರಾಂ ಮಾತ್ರ ಇರುವ ತಿಳಿನೀರಿನ ಮನೆಯಲ್ಲಿ ಅದೇ ಮೂರು ತಿಂಗಳಿಗೆ ಕ್ಯಾಂಡಲಿಗೆ ಸೇರುವುದು 11 ಗ್ರಾಂ. ಲೀಟರ್ ಒಂದೇ ಆದರೂ ಒಂದು ಮನೆಯ ಕ್ಯಾಂಡಲ್ ಹತ್ತು ಪಟ್ಟು ಬೇಗ ಕಟ್ಟಿಕೊಳ್ಳಲು ಕಾರಣ ಇದು.

ಎರಡನೇ ಶತ್ರು ಗಡಸುತನ. ನೀರು ಪೊರೆ ದಾಟಿದಂತೆಲ್ಲ ಹಿಂದೆ ಉಳಿಯುವ ನೀರು ಹೆಚ್ಚು ಹೆಚ್ಚು ಉಪ್ಪಾಗುತ್ತದೆ. ಒಂದು ಹಂತ ದಾಟಿದರೆ ಅದರಲ್ಲಿರುವ ಸುಣ್ಣ ಪೊರೆಯ ಮೇಲೆಯೇ ಗಟ್ಟಿ ಪದರವಾಗಿ ಕೂರುತ್ತದೆ. ಬಿಸಿನೀರಿನ ಹಂಡೆಯ ಒಳಗೆ ಕಟ್ಟುವುದೂ ಇಂಥದ್ದೇ ಸುಣ್ಣ. ಒಂಬತ್ತನೇ ತಿಂಗಳಲ್ಲಿ ಈ ಮನೆಯ ಟ್ಯಾಂಕ್ ತುಂಬಲು 75 ನಿಮಿಷ. ಸೆಡಿಮೆಂಟ್ ಕ್ಯಾಂಡಲ್ ಬದಲಿಸಿದರೂ 70 ನಿಮಿಷ. ಟಿಡಿಎಸ್ ಮಾತ್ರ 110. ಶೇಕಡಾವಾರು ನೋಡಿದರೂ ತಡೆ ಇನ್ನೂ 90ರ ಮೇಲಿದೆ. ಇಲ್ಲಿ ಕಾಯಿಲೆಯನ್ನು ಮೊದಲು ಹೇಳಿದ್ದು ಗಡಿಯಾರ, ಟಿಡಿಎಸ್ ಮೀಟರ್ ಅಲ್ಲ.

ಈ ಮನೆಯವರು ಸಾಮಾನ್ಯವಾಗಿ ಮಾಡುವ ಒಂದು ತಪ್ಪು, ನೀರು ಉಳಿಸಲು ರಿಜೆಕ್ಟ್ ಪೈಪನ್ನು ಒತ್ತಿ ಬಿಗಿ ಮಾಡುವುದು. ಅದನ್ನು ಕಲಿಸುವ ವಿಡಿಯೊಗಳೂ ಓಡಾಡುತ್ತಿವೆ. ನಾಲ್ಕು ಲೀಟರಿನಲ್ಲಿ ಮೂರು ಲೀಟರ್ ಹೊರಹೋಗುತ್ತಿದ್ದಾಗ ರಿಜೆಕ್ಟ್ ನೀರಿನ ಟಿಡಿಎಸ್ ಸುಮಾರು 1,570 ಇರುತ್ತಿತ್ತು. ಅರ್ಧಕ್ಕರ್ಧ ಮಾತ್ರ ಬಿಟ್ಟರೆ ಅದು 2,300ಕ್ಕೆ ಏರುತ್ತದೆ. ಪೊರೆಯ ಮೇಲೆ ಸುಣ್ಣ ಕಟ್ಟುವ ವೇಗವೂ ಅದರ ಜೊತೆ ಏರುತ್ತದೆ. ಕಾವೇರಿಯಂಥ ಸಿಹಿನೀರಿಗೆ ಇದರಿಂದ ಅಷ್ಟೇನೂ ಬಾಧೆ ಇಲ್ಲ, ಗಡಸು ನೀರಿನಲ್ಲಿ ಉಳಿಸಿದ ನೀರಿನ ಬೆಲೆಯನ್ನು ಮೆಂಬ್ರೇನ್ ತೆರುತ್ತದೆ. ರಿಜೆಕ್ಟ್ ನೀರನ್ನು ಹಿಡಿದಿಟ್ಟು ನೆಲ ಒರೆಸಲು, ಪಾತ್ರೆ ತೊಳೆಯಲು ಬಳಸುವುದೇ ಒಳ್ಳೆಯ ಉಳಿತಾಯ.

ನೀರಿನ ಮೂಲ ಬದಲಾದಾಗ

2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಮನೆಗಳು ಟ್ಯಾಂಕರ್ ನೀರಿಗೆ ಮೊರೆಹೋದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ಕಾವೇರಿ ನೀರು ಕೊಡುವುದು ಅದರ ಉದ್ದೇಶ. ಇಂಥ ಬದಲಾವಣೆಗಳಲ್ಲಿ ಫಿಲ್ಟರಿನ ಲೆಕ್ಕವೂ ತಲೆಕೆಳಗಾಗುತ್ತದೆ.

ಬೋರ್‌ವೆಲ್ಲಿನಿಂದ ಟ್ಯಾಂಕರಿಗೆ ಹೋದಾಗ ಮೊದಲು ಕಟ್ಟುವುದು ಸೆಡಿಮೆಂಟ್ ಕ್ಯಾಂಡಲ್. ಟ್ಯಾಂಕರ್ ನೀರಿನ ಮೂಲ ಇವತ್ತೊಂದು, ನಾಳೆ ಇನ್ನೊಂದು. ಹಾಗಾಗಿ ಆ ದಿನಗಳಲ್ಲಿ ಲೀಟರ್ ಎಣಿಸುವುದನ್ನು ಬಿಟ್ಟು ಹೊರಗಿನ ಪ್ರಿ-ಫಿಲ್ಟರನ್ನು ವಾರಕ್ಕೊಮ್ಮೆ ಕಣ್ಣಿನಿಂದ ನೋಡುವುದೇ ಸರಿ. ಬೋರ್‌ವೆಲ್ಲಿನಿಂದ ಕಾವೇರಿಗೆ ಬಂದಾಗ ಕೆಸರು ಮತ್ತು ಸುಣ್ಣದ ಕಾಟ ಕಡಿಮೆಯಾಗುತ್ತದೆ, ಆದರೆ ಕ್ಲೋರಿನ್ ಹೊಸದಾಗಿ ಬರುತ್ತದೆ. ಎರಡು ವರ್ಷದಿಂದ ಒಳಗಿರುವ ಹಳೆಯ ಕಾರ್ಬನ್ನಿಗೆ ಆವರೆಗೆ ಕ್ಲೋರಿನ್ನಿನ ಪರೀಕ್ಷೆಯೇ ಆಗಿರುವುದಿಲ್ಲ. ಒಳ್ಳೆಯ ನೀರು ಬಂತು, ಇನ್ನು ಫಿಲ್ಟರಿನ ಚಿಂತೆ ಇಲ್ಲ ಎಂದುಕೊಂಡ ಮನೆಯಲ್ಲಿ ಆರು ತಿಂಗಳ ನಂತರ ಮೆಂಬ್ರೇನ್ ಸಡಿಲವಾಗಿರುತ್ತದೆ. ನೀರು ಬದಲಾದ ವಾರವೇ ಕಾರ್ಬನ್ ಬದಲಿಸುವುದು ಅಥವಾ ಪರೀಕ್ಷಿಸುವುದು ಜಾಣತನ.

ಕಾವೇರಿ ನೀರು ಮಾತ್ರ ಬಳಸುವವರಿಗೆ ಇನ್ನೊಂದು ಮಾತು. ಭಾರತೀಯ ಮಾನದಂಡದಲ್ಲಿ ಟಿಡಿಎಸ್‌ನ ಅಪೇಕ್ಷಿತ ಮಿತಿ 500. ವರ್ಷವಿಡೀ ಅದಕ್ಕಿಂತ ಬಹಳ ಕಡಿಮೆ ಇರುವ ನೀರಿಗೆ ಉಪ್ಪು ತೆಗೆಯುವ ಯಂತ್ರದ ಅಗತ್ಯವೇ ಇಲ್ಲದಿರಬಹುದು. ಯುವಿ ಅಥವಾ ಯುಎಫ್ ಫಿಲ್ಟರ್ ಸಾಕಾಗುತ್ತದೆ, ಆಗ ಮೆಂಬ್ರೇನ್ ಬದಲಿಸುವ ತಲೆನೋವೂ ಇಲ್ಲ, ರಿಜೆಕ್ಟ್ ನೀರೂ ಇಲ್ಲ.

ಅವಧಿ ಮೀರಿದೆ ಎಂದು ತಿಳಿಯುವುದು ಹೇಗೆ?

ಯಂತ್ರದ ಮೇಲೆ ಉರಿಯುವ ಕೆಂಪು ದೀಪವನ್ನು ಮಾತ್ರ ನಂಬಿದರೆ ಸಾಲದು. ಎಷ್ಟೋ ಯಂತ್ರಗಳಲ್ಲಿ ಅದು ದಿನಗಳನ್ನೋ ಪಂಪು ಓಡಿದ ಗಂಟೆಗಳನ್ನೋ ಎಣಿಸುವ ಗಡಿಯಾರ ಅಷ್ಟೇ. ನಿಮ್ಮ ನೀರು ಗಡಸೋ ಸಿಹಿಯೋ ಅದಕ್ಕೆ ಗೊತ್ತಿರುವುದಿಲ್ಲ. ಮನೆಯಲ್ಲೇ ಮಾಡಬಹುದಾದ ನಾಲ್ಕು ಪರೀಕ್ಷೆಗಳು ಇಲ್ಲಿವೆ. ಪ್ರತಿಯೊಂದೂ ಒಂದೊಂದು ಫಿಲ್ಟರಿನ ಬಗ್ಗೆ ಹೇಳುತ್ತದೆ.

ಸೆಡಿಮೆಂಟಿಗೆ ಕಣ್ಣು. ಹೊರಗಿನ ಪಾರದರ್ಶಕ ಡಬ್ಬಿಯೊಳಗಿನ ಕ್ಯಾಂಡಲ್ ಬಿಳಿಯಿಂದ ಟೀ ಬಣ್ಣಕ್ಕೆ ತಿರುಗಿದ್ದರೆ, ಲೋಳೆ ಕಟ್ಟಿದ್ದರೆ ಬದಲಿಸಿ. ಇಟ್ಟಿಗೆ ಕೆಂಪು ಬಣ್ಣ ಬಂದಿದ್ದರೆ ನೀರಿನಲ್ಲಿ ಕಬ್ಬಿಣದ ಅಂಶ ಇರಬಹುದು. ತೊಳೆದು ಮತ್ತೆ ಹಾಕಬಹುದೇ ಎಂದು ಹಲವರು ಕೇಳುತ್ತಾರೆ. ಮೇಲಿನ ಕೆಸರು ಹೋಗುತ್ತದೆ, ಒಳಗೆ ಆಳದಲ್ಲಿ ಕೂತ ಕಣ ಹೋಗುವುದಿಲ್ಲ. ಬ್ರಷ್ ಹಾಕಿ ಉಜ್ಜಿದರೆ ನೂಲು ಸಡಿಲವಾಗಿ ಮಣ್ಣು ಒಳಗೆ ನುಗ್ಗಲು ದಾರಿಯಾಗುತ್ತದೆ. ತುರ್ತಿಗೆ ಒಮ್ಮೆ ಸರಿ, ಅದನ್ನು ಹೊಸದೆಂದು ಲೆಕ್ಕ ಹಾಕಬೇಡಿ.

ಕಾರ್ಬನ್ನಿಗೆ ಕ್ಲೋರಿನ್ ಹನಿ. ಈಜುಕೊಳ ಅಥವಾ ನಲ್ಲಿ ನೀರು ಪರೀಕ್ಷಿಸಲು ಬಳಸುವ ಕ್ಲೋರಿನ್ ಟೆಸ್ಟ್ ಕಿಟ್ ಕಡಿಮೆ ಬೆಲೆಗೆ ಸಿಗುತ್ತದೆ. ಅದರಲ್ಲಿರುವ ಓಟಿಒ ದ್ರಾವಣದ ಹನಿ ಹಾಕಿದಾಗ ಕ್ಲೋರಿನ್ ಇದ್ದರೆ ನೀರು ಹಳದಿಯಾಗುತ್ತದೆ. ಮೊದಲು ಯಂತ್ರಕ್ಕೆ ಹೋಗುವ ನಲ್ಲಿ ನೀರಿಗೆ ಹಾಕಿ ನೋಡಿ. ಅದು ಹಳದಿಯಾದರೆ, ಯಂತ್ರ ಓಡುತ್ತಿರುವಾಗ ಬರುವ ರಿಜೆಕ್ಟ್ ನೀರಿಗೂ ಹಾಕಿ. ರಿಜೆಕ್ಟ್ ನೀರೇ ಏಕೆ? ಅದು ಕಾರ್ಬನ್ ದಾಟಿ, ಮೆಂಬ್ರೇನಿನ ಎದುರು ಹರಿದು ಬಂದ ನೀರು. ಅದೂ ಹಳದಿಯಾದರೆ ಕಾರ್ಬನ್ ಮುಗಿದಿದೆ, ಕ್ಲೋರಿನ್ ಮೆಂಬ್ರೇನನ್ನು ಮುಟ್ಟುತ್ತಿದೆ. ನಲ್ಲಿ ನೀರೇ ಹಳದಿಯಾಗದಿದ್ದರೆ ಅವತ್ತಿನ ಪರೀಕ್ಷೆಗೆ ಅರ್ಥವಿಲ್ಲ. ಸಂಪು, ಓವರ್‌ಹೆಡ್ ಟ್ಯಾಂಕುಗಳಲ್ಲಿ ನಿಂತ ನೀರಿನಲ್ಲಿ ಕ್ಲೋರಿನ್ ಆರಿಹೋಗಿರುತ್ತದೆ. ಹನಿ ಹಾಕಿದ ನೀರನ್ನು ಚೆಲ್ಲಿ, ಕುಡಿಯಬಾರದು.

ಮೆಂಬ್ರೇನಿಗೆ ಮೀಟರ್ ಮತ್ತು ಗಡಿಯಾರ ಎರಡೂ. ಟಿಡಿಎಸ್ ಮೀಟರನ್ನು ಒಳಹೋಗುವ ನೀರಿಗೂ ಹೊರಬರುವ ನೀರಿಗೂ ಇಡಿ. ಹೊರಬರುವ ಅಂಕಿಯನ್ನು ಒಳಹೋಗುವ ಅಂಕಿಯಿಂದ ಭಾಗಿಸಿ 100ರಿಂದ ಗುಣಿಸಿದರೆ ಎಷ್ಟು ಶೇಕಡಾ ಉಪ್ಪು ದಾಟಿ ಬರುತ್ತಿದೆ ಎಂದು ಸಿಗುತ್ತದೆ. ಹೊಸ ಮೆಂಬ್ರೇನಿನಲ್ಲಿ ಇದು ಸಾಮಾನ್ಯವಾಗಿ 10ರೊಳಗೆ ಇರುತ್ತದೆ. 20 ದಾಟಿದರೆ ಮೆಂಬ್ರೇನ್ ಬದಲಿಸುವ ಸಮಯ. ಆದರೆ ಎಚ್ಚರ: ಹಲವು ಯಂತ್ರಗಳಲ್ಲಿ ರುಚಿಗಾಗಿ ಸ್ವಲ್ಪ ಮೂಲ ನೀರನ್ನು ಬೆರೆಸುವ ಟಿಡಿಎಸ್ ಅಡ್ಜಸ್ಟರ್ ಇರುತ್ತದೆ. ಅದು ತೆರೆದಿದ್ದರೆ ಹೊಸ ಮೆಂಬ್ರೇನಿನಲ್ಲೂ ಹೊರಗಿನ ಅಂಕಿ ಹೆಚ್ಚಿರುತ್ತದೆ. ಹಾಗಾಗಿ ಹೊಸದು ಹಾಕಿಸಿದ ವಾರವೇ ಅಂಕಿ ಬರೆದಿಟ್ಟುಕೊಂಡು ಆಮೇಲೆ ಅದರೊಂದಿಗೇ ಹೋಲಿಸಿ.

ವೇಗ ನೋಡಲು ನಲ್ಲಿಯ ಧಾರೆ ನೋಡಬೇಡಿ, ಅದು ಟ್ಯಾಂಕಿನಲ್ಲಿ ಶೇಖರವಾದ ನೀರು. ಖಾಲಿ ಟ್ಯಾಂಕ್ ತುಂಬುವ ಸಮಯ ನೋಡಿ. ಮೊದಲಿಗಿಂತ ಒಂದೂವರೆ ಪಟ್ಟು ಆದರೆ ಮೊದಲು ಸೆಡಿಮೆಂಟ್ ಕ್ಯಾಂಡಲ್ ಬದಲಿಸಿ. ಅದಕ್ಕೂ ಸರಿಹೋಗದಿದ್ದರೆ ಪಂಪು ಪರೀಕ್ಷಿಸಿ, ಕೊನೆಗೆ ಮೆಂಬ್ರೇನ್. ಡಿಸೆಂಬರ್-ಜನವರಿಯ ಚಳಿಯಲ್ಲಿ ತಣ್ಣನೆಯ ನೀರು ಪೊರೆ ದಾಟುವುದು ನಿಧಾನ. ಆಗ ಕೆಲವು ನಿಮಿಷ ಹೆಚ್ಚಾದರೆ ಗಾಬರಿ ಬೇಡ.

ಯುವಿ ದೀಪಕ್ಕೆ ಮಾತ್ರ ಕಾಲವೇ ಲೆಕ್ಕ. ಲೀಟರ್ ಲೆಕ್ಕ ನಡೆಯದ ಭಾಗ ಇದೊಂದೇ. ಸಾಮಾನ್ಯ ಯುವಿ ಟ್ಯೂಬಿನ ಆಯಸ್ಸು ಸುಮಾರು 8,000ದಿಂದ 9,000 ಗಂಟೆ. ಅದಾದ ಮೇಲೂ ನೀಲಿ ಬೆಳಕು ಕಾಣುತ್ತದೆ. ಆದರೆ ರೋಗಾಣು ಕೊಲ್ಲುವ ಕಿರಣ ಕಣ್ಣಿಗೆ ಕಾಣುವಂಥದ್ದಲ್ಲ. ಅದು ಕುಂದಿದ್ದು ಹೊರಗಿನಿಂದ ಗೊತ್ತಾಗುವುದಿಲ್ಲ. ದೀಪ ಉರಿಯುತ್ತಿದೆ, ಹಾಗಾಗಿ ಸರಿ ಇದೆ ಎನ್ನುವುದು ತಪ್ಪು. ದೀಪವನ್ನು ನೇರವಾಗಿ ನೋಡುವುದೂ ಕಣ್ಣಿಗೆ ಅಪಾಯ.

ಇದರ ಜೊತೆ ಒಂದು ಸುಳ್ಳು ಲಕ್ಷಣವನ್ನೂ ತಿಳಿದಿರಿ. ಮನೆಗೆ ಬಂದ ಸೇಲ್ಸ್‌ನವರು ಎರಡು ಲೋಟ ನೀರಿಗೆ ಕರೆಂಟಿನ ಕಡ್ಡಿ ಇಳಿಸುತ್ತಾರೆ. ನಿಮ್ಮ ನೀರು ಕಂದು ಬಣ್ಣಕ್ಕೆ ತಿರುಗಿ ಗಸಿ ಕಟ್ಟುತ್ತದೆ, ಅವರ ನೀರು ತಿಳಿಯಾಗೇ ಇರುತ್ತದೆ. ಆ ಗಸಿ ನಿಮ್ಮ ನೀರಿನಲ್ಲಿದ್ದ ಕೊಳೆಯಲ್ಲ. ಉಪ್ಪು ಇರುವ ನೀರಿನಲ್ಲಿ ಕರೆಂಟ್ ಚೆನ್ನಾಗಿ ಹರಿದು ಕಡ್ಡಿಯಲ್ಲಿರುವ ಕಬ್ಬಿಣವೇ ಕರಗಿ ತುಕ್ಕಾಗುತ್ತದೆ. ಉಪ್ಪು ತೆಗೆದ ನೀರಿನಲ್ಲಿ ಕರೆಂಟ್ ಹರಿಯುವುದು ಕಡಿಮೆ, ತುಕ್ಕೂ ಕಡಿಮೆ. ಅವರ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ಮಾಡಿಸಿ, ಅದೂ ಕಂದಾಗುತ್ತದೆ.

ಟಿಡಿಎಸ್ ಮೀಟರ್ ಹೇಳದ ವಿಷಯ

ಟಿಡಿಎಸ್ ಮೀಟರ್ ಅಳೆಯುವುದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಎಂಬುದನ್ನು. ಅದರಿಂದ ಒಟ್ಟು ಉಪ್ಪಿನ ಅಂದಾಜು ಸಿಗುತ್ತದೆ. ನೀರಿನಲ್ಲಿ ರೋಗಾಣು ಇದೆಯೇ, ಫ್ಲೋರೈಡ್ ಎಷ್ಟಿದೆ ಎಂದು ಅದು ಹೇಳಲಾರದು.

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಇದು ಬರೀ ಖರ್ಚಿನ ಪ್ರಶ್ನೆಯಲ್ಲ. ಅಲ್ಲಿನ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1 ಮಿಲಿಗ್ರಾಂ ಅಪೇಕ್ಷಿತ ಮಿತಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಫ್ಲೋರೈಡಿಗೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ವರ್ಷಗಟ್ಟಲೆ ಒಳಗೆ ಹೋದರೆ ಮಕ್ಕಳ ಹಲ್ಲಿನ ಮೇಲೆ ಕಲೆ, ದೊಡ್ಡವರ ಮೂಳೆ-ಕೀಲುಗಳಲ್ಲಿ ಬಿಗಿತ.

ಅಂಥ ಊರಿನ ಒಂದು ಮನೆಯ ನೀರಿನಲ್ಲಿ ಫ್ಲೋರೈಡ್ 4 ಮಿಲಿಗ್ರಾಂ ಇದೆ ಎಂದುಕೊಳ್ಳಿ. ಮೆಂಬ್ರೇನ್ 90 ಶೇಕಡಾ ತಡೆಯುವಾಗ ದಾಟುವುದು 0.4, ತೊಂದರೆಯಿಲ್ಲ. ತಡೆ 70 ಶೇಕಡಾಕ್ಕೆ ಇಳಿದರೆ 1.2. ನೀರು ಕುಡಿಯಲು ಸಿಹಿಯಾಗಿಯೇ ಇರುತ್ತದೆ, ಮೀಟರಿನ ಅಂಕಿಯೂ ಮೂಲ ನೀರಿಗೆ ಹೋಲಿಸಿದರೆ ಬಹಳ ಕಡಿಮೆ ಕಾಣುತ್ತದೆ. ಆದರೆ ಫ್ಲೋರೈಡ್ ಮಿತಿ ದಾಟಿದೆ. ಇಂಥ ಊರುಗಳಲ್ಲಿ ದಾಟುವ ಉಪ್ಪು 20 ಶೇಕಡಾ ಆಗುವವರೆಗೆ ಕಾಯಬಾರದು. ಮೂಲ ನೀರನ್ನೂ ಫಿಲ್ಟರಿನ ನೀರನ್ನೂ ಎರಡು ಬಾಟಲಿಯಲ್ಲಿ ಜಿಲ್ಲೆಯ ಅಥವಾ ತಾಲೂಕಿನ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಟ್ಟು ಫ್ಲೋರೈಡ್ ಎಷ್ಟಿದೆ ಎಂದು ಹೆಸರು ಹೇಳಿಯೇ ಪರೀಕ್ಷೆ ಮಾಡಿಸಬೇಕು.

ಫಿಲ್ಟರಿನ ಪಕ್ಕ ಒಂದು ಚೀಟಿ

ಇಷ್ಟೆಲ್ಲ ನೆನಪಿಟ್ಟುಕೊಳ್ಳುವುದು ಕಷ್ಟ ಎನಿಸಿದರೆ ಯಂತ್ರದ ಪಕ್ಕ ಒಂದು ಚೀಟಿ ಅಂಟಿಸಿ. ತಿಂಗಳಿಗೊಮ್ಮೆ ಅದರಲ್ಲಿ ಬರೆಯಬೇಕಾದ್ದು ನಾಲ್ಕೇ: ದಿನಾಂಕ, ಒಳಗಿನ ಟಿಡಿಎಸ್, ಹೊರಗಿನ ಟಿಡಿಎಸ್, ಟ್ಯಾಂಕ್ ತುಂಬಲು ಹಿಡಿದ ನಿಮಿಷ. ಫಿಲ್ಟರ್ ಬದಲಿಸಿದಾಗ ಯಾವುದನ್ನು ಬದಲಿಸಿದಿರಿ ಎಂದೂ ಬರೆಯಿರಿ. ಮನೆ ಬೀಗ ಹಾಕಿ ಹದಿನೈದು ದಿನ ಊರಿಗೆ ಹೋಗಿದ್ದರೆ ಅದನ್ನೂ ಬರೆಯಿರಿ. ಲೀಟರ್ ಖರ್ಚಾಗದಿದ್ದರೂ ನಿಂತ ನೀರಿನಲ್ಲಿ, ಅದರಲ್ಲೂ ಒದ್ದೆಯಾದ ಕಾರ್ಬನ್ನಿನಲ್ಲಿ, ಬ್ಯಾಕ್ಟೀರಿಯಾ ಬೆಳೆಯುತ್ತವೆ. ವಾಪಸು ಬಂದ ಮೇಲೆ ಟ್ಯಾಂಕ್ ತೊಳೆದು, ತುಂಬಿದ ಮೊದಲ ಒಂದೆರಡು ಟ್ಯಾಂಕ್ ನೀರನ್ನು ಕುಡಿಯದೆ ಬೇರೆ ಕೆಲಸಕ್ಕೆ ಬಳಸಿ.

ಮುಂದಿನ ಸಲ ಸರ್ವಿಸ್‌ಗೆ ಬಂದವರು "ಎಲ್ಲಾ ಫಿಲ್ಟರ್ ಬದಲಿಸಬೇಕು ಸಾರ್" ಎಂದರೆ ಆ ಚೀಟಿ ತೋರಿಸಿ. ಟ್ಯಾಂಕ್ ತುಂಬುವ ಸಮಯ ಮೊದಲಿನಷ್ಟೇ ಇದ್ದು, ದಾಟುವ ಉಪ್ಪು 8-10 ಶೇಕಡಾ ಇದ್ದರೆ ಮೆಂಬ್ರೇನ್ ಬದಲಿಸಲು ಕಾರಣವಿಲ್ಲ. ಕಾರ್ಬನ್ನಿನ ಲೀಟರ್ ಮುಗಿದಿದ್ದರೆ ಅದೊಂದನ್ನೇ ಬದಲಿಸಲು ಹೇಳಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ನೋಡಿ, ಹೊಸದರ ಮೇಲೆ ದಿನಾಂಕ ಬರೆಸಿ. ಹಾಗೆಯೇ ನೀರು ಇತ್ತೀಚೆಗೆ ವೇಗವಾಗಿ ಬರುತ್ತಿದೆ ಎಂದು ಮನೆಯಲ್ಲಿ ಯಾರಾದರೂ ಖುಷಿಪಟ್ಟರೆ, ಖುಷಿಪಡುವ ಮೊದಲು ಮೀಟರ್ ಒಮ್ಮೆ ಇಟ್ಟು ನೋಡಿ.